ಇಐಎಲ್, ಇಟಿಎಲ್ ಮತ್ತು ಒಂದು ಎಕರೆ ಜೋಳ: ಕೀಟಶಾಸ್ತ್ರ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಕೀಟಕ್ಕೆ ಔಷಧಿ ಹೊಡೆಯಬೇಕೇ, ಹೊಡೆಯುವುದಾದರೆ ಯಾವಾಗ ಎಂದು ತೀರ್ಮಾನಿಸಲು ಬಳಸುವ ಎರಡು ಅಂಕಿಗಳು ಇಐಎಲ್ ಮತ್ತು ಇಟಿಎಲ್. ಇಲ್ಲಿ ಮೊದಲಿಂದ ಕೊನೆಯವರೆಗೆ ಒಂದೇ ಉದಾಹರಣೆ ನಡೆಯುತ್ತದೆ. ಹಾಸನ ಜಿಲ್ಲೆಯ ಹಳೇಬೀಡು ಕಡೆಯ ಕೆಂಪು ಮಣ್ಣಿನ ಒಂದು ಎಕರೆ ಹೊಲ. ಮಳೆ ನಂಬಿ ಬಿತ್ತಿದ ಮುಸುಕಿನ ಜೋಳ, ಬಿತ್ತಿ 25 ದಿನವಾಗಿದೆ, ಸುಳಿಯಲ್ಲಿ ಫಾಲ್ ಸೈನಿಕ ಹುಳು ಕಾಣಿಸಿಕೊಂಡಿದೆ. ಬೆಲೆ, ಕೂಲಿ, ಇಳುವರಿ, ನಷ್ಟದ ಪ್ರಮಾಣ ಎಲ್ಲವೂ ಲೆಕ್ಕ ಕಲಿಯಲು ಹಿಡಿದ ಅಂಕಿಗಳು. ನಿಮ್ಮ ಹೊಲಕ್ಕೆ ನಿಮ್ಮ ಅಂಕಿ ಹಾಕಿಕೊಳ್ಳಿ, ದಾರಿ ಬದಲಾಗುವುದಿಲ್ಲ.

ಗಾಯ ಮತ್ತು ನಷ್ಟ ಎರಡೂ ಒಂದೇ ಅಲ್ಲವೇ?

ಅಲ್ಲ. ಈ ಎರಡನ್ನು ಬೆರೆಸಿಬಿಟ್ಟರೆ ಮುಂದಿನ ಯಾವ ಲೆಕ್ಕವೂ ಅರ್ಥವಾಗುವುದಿಲ್ಲ. ಹುಳು ಗಿಡಕ್ಕೆ ಮಾಡುವುದು ಗಾಯ: ಎಲೆ ಕೆರೆಯುತ್ತದೆ, ಸುಳಿ ತಿನ್ನುತ್ತದೆ, ತೂತು ಮಾಡುತ್ತದೆ. ಆ ಗಾಯದಿಂದ ಕೊಯ್ಲಿನ ದಿನ ಚೀಲದಲ್ಲಿ ಎಷ್ಟು ಕಾಳು ಕಡಿಮೆಯಾಯಿತೋ ಅದು ನಷ್ಟ. ಜೋಳದ ಹೊಲದಲ್ಲಿ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. 25 ದಿನದ ಪೈರಿನಲ್ಲಿ ಎಲೆಯೆಲ್ಲ ಹರಿದು ಚಿಂದಿಯಾಗಿದ್ದರೂ ಬೆಳೆಯುವ ತುದಿ ಉಳಿದಿದ್ದರೆ ಗಿಡ ಹೊಸ ಎಲೆ ಬಿಟ್ಟು ಬಹುಪಾಲು ಸುಧಾರಿಸಿಕೊಳ್ಳುತ್ತದೆ. ಹೊಲದ ಬದಿಯಲ್ಲಿ ನಿಂತು ನೋಡಿದವರಿಗೆ ಬೆಳೆ ಪೂರ್ತಿ ಹೋಯಿತು ಅನಿಸುತ್ತದೆ, ಕಣದಲ್ಲಿ ತೂಗಿದಾಗ ಅಷ್ಟು ಹೋಗಿರುವುದಿಲ್ಲ. ತದ್ವಿರುದ್ಧವಾಗಿ, ಹುಳು ತೆನೆಯೊಳಗೆ ಸೇರಿಕೊಂಡರೆ ಹೊರಗೆ ಗಾಯ ಕಾಣುವುದಿಲ್ಲ, ನಷ್ಟ ಮಾತ್ರ ನೇರ.

ಇಐಎಲ್‌ಗೂ ಇಟಿಎಲ್‌ಗೂ ಏನು ವ್ಯತ್ಯಾಸ?

ಇಐಎಲ್ ಎಂದರೆ ಆರ್ಥಿಕ ಹಾನಿ ಮಟ್ಟ. ಕೀಟ ಎಷ್ಟಿದ್ದರೆ ಅದು ಮಾಡುವ ನಷ್ಟದಲ್ಲಿ ನಾವು ತಪ್ಪಿಸಬಹುದಾದ ಪಾಲು, ತಪ್ಪಿಸಲು ತಗಲುವ ಖರ್ಚಿಗೆ ಸರಿಸಮ ಆಗುತ್ತದೋ ಆ ಸಂಖ್ಯೆ. ಇಟಿಎಲ್ ಎಂದರೆ ಆರ್ಥಿಕ ಹೊಸ್ತಿಲು ಮಟ್ಟ. ಕೀಟ ಇಐಎಲ್ ಮುಟ್ಟದಂತೆ ತಡೆಯಲು ನಾವು ಕೆಲಸ ಶುರು ಮಾಡಬೇಕಾದ ಸಂಖ್ಯೆ. ಇದನ್ನೇ ಕ್ರಮದ ಹೊಸ್ತಿಲು ಎನ್ನಬಹುದು. ಮೊದಲನೆಯದು ದುಡ್ಡಿನ ಲೆಕ್ಕ, ಎರಡನೆಯದು ಸಮಯದ ಲೆಕ್ಕ. ಏರುತ್ತಿರುವ ಕೀಟಕ್ಕೆ ಇಟಿಎಲ್ ಯಾವಾಗಲೂ ಇಐಎಲ್‌ಗಿಂತ ಕೆಳಗೆ ಇರುತ್ತದೆ.

ಈ ಎರಡೂ ಪರಿಕಲ್ಪನೆಗಳನ್ನು 1959ರಲ್ಲಿ ಕ್ಯಾಲಿಫೋರ್ನಿಯಾದ ಸ್ಟರ್ನ್, ಸ್ಮಿತ್, ವಾನ್ ಡೆನ್ ಬಾಷ್ ಮತ್ತು ಹೇಗನ್ ಒಟ್ಟಿಗೆ ಮುಂದಿಟ್ಟರು. ಲೆಕ್ಕ ಹಾಕಬಹುದಾದ ಸೂತ್ರದ ರೂಪ ಬಂದದ್ದು ಆಮೇಲೆ.

ಸೂತ್ರ ಯಾವುದು?

```
EIL = C / (V × I × D × K)
```

C ಎಂದರೆ ಒಂದು ಎಕರೆಗೆ ಹತೋಟಿ ಖರ್ಚು. V ಎಂದರೆ ಒಂದು ಕ್ವಿಂಟಲ್ ಬೆಳೆಯ ಬೆಲೆ. I ಎಂದರೆ ಒಂದು ಕೀಟ ಮಾಡುವ ಗಾಯ, D ಎಂದರೆ ಅಷ್ಟು ಗಾಯದಿಂದ ಆಗುವ ಇಳುವರಿ ನಷ್ಟ. K ಎಂದರೆ ನಮ್ಮ ಕ್ರಮದಿಂದ ಆ ನಷ್ಟದಲ್ಲಿ ಎಷ್ಟು ಪಾಲು ತಪ್ಪುತ್ತದೆ ಎಂಬುದು. ಪೂರ್ತಿ ತಪ್ಪಿದರೆ 1, ಅರ್ಧ ತಪ್ಪಿದರೆ 0.5.

ಹೊಲದಲ್ಲಿ I ಮತ್ತು D ಬೇರೆ ಬೇರೆಯಾಗಿ ಸಿಗುವುದು ಅಪರೂಪ. ಒಂದು ಹುಳು ಎಷ್ಟು ಚದರ ಸೆಂಟಿಮೀಟರ್ ಎಲೆ ತಿಂದಿತು, ಅಷ್ಟು ಎಲೆ ಹೋದರೆ ಎಷ್ಟು ಕಾಳು ಹೋಗುತ್ತದೆ ಎಂದು ಎರಡು ಪ್ರಯೋಗ ಮಾಡುವ ಬದಲು, ಶೇಕಡಾ ಒಂದು ಗಿಡಕ್ಕೆ ಹುಳು ಬಿದ್ದರೆ ಎಕರೆಗೆ ಎಷ್ಟು ಇಳುವರಿ ಹೋಗುತ್ತದೆ ಎಂದು ನೇರವಾಗಿ ಅಳೆದು ಎರಡನ್ನೂ ಒಂದು ಅಂಕಿಯಾಗಿ ಹಿಡಿಯುತ್ತಾರೆ. ನಾವೂ ಹಾಗೇ ಮಾಡಿ ಅದನ್ನು b ಎನ್ನೋಣ.

ಹುಳು ಎಣಿಸದೆ ಗಿಡ ಎಣಿಸುವುದು ಏಕೆ?

ಫಾಲ್ ಸೈನಿಕ ಹುಳುವಿನ ಸ್ವಭಾವವೇ ಕಾರಣ. ಮೊಟ್ಟೆ ಗುಂಪಾಗಿ ಇಡುತ್ತದೆ, ಒಡೆದ ಮರಿಗಳು ನೂಲು ಬಿಟ್ಟು ಗಾಳಿಯಲ್ಲಿ ತೇಲಿ ಅಕ್ಕಪಕ್ಕದ ಗಿಡಕ್ಕೆ ಹೋಗುತ್ತವೆ. ದೊಡ್ಡದಾದಂತೆ ಒಂದನ್ನೊಂದು ತಿನ್ನುತ್ತವೆ. ಹೀಗಾಗಿ ಸ್ವಲ್ಪ ದಿನಕ್ಕೆ ಒಂದು ಸುಳಿಯಲ್ಲಿ ಸಾಮಾನ್ಯವಾಗಿ ಒಂದೇ ದೊಡ್ಡ ಹುಳು ಉಳಿಯುತ್ತದೆ. ಆಗ ಹುಳು ಬಿದ್ದ ಗಿಡದ ಲೆಕ್ಕ, ಬೆಳೆ ಹಾಳುಮಾಡುವ ಹುಳುವಿನ ಲೆಕ್ಕಕ್ಕೆ ಹತ್ತಿರವಾಗುತ್ತದೆ. ಸುಳಿ ಬಿಡಿಸಿ ಪ್ರತಿ ಮರಿ ಎಣಿಸುವುದಕ್ಕಿಂತ ಬೇಗ ಮುಗಿಯುತ್ತದೆ ಕೂಡ.

ನಮ್ಮ ಒಂದು ಎಕರೆಗೆ ಅಂಕಿ ಹಾಕಿ ತೋರಿಸುತ್ತೀರಾ?

ಮೊದಲು C. ಕ್ಲೋರಾಂಟ್ರಾನಿಲಿಪ್ರೋಲ್ 18.5 ಎಸ್‌ಸಿ ಲೀಟರಿಗೆ 0.4 ಮಿ.ಲೀ., ಎಕರೆಗೆ 200 ಲೀಟರ್ ನೀರು, ಅಂದರೆ 80 ಮಿ.ಲೀ. ಔಷಧಿ. ಅದಕ್ಕೆ ₹1,000 ಎಂದು ಹಿಡಿಯೋಣ. ನೀರು ಹೊತ್ತು ಹೊಡೆಯುವ ಕೂಲಿ, ಕ್ಯಾನ್ ಬಾಡಿಗೆ ಸೇರಿ ₹600. ಒಟ್ಟು C = ₹1,600. ಬಿತ್ತನೆ ಬೀಜ, ಗೊಬ್ಬರ, ಉಳುಮೆ ಖರ್ಚನ್ನು ಇಲ್ಲಿ ಸೇರಿಸಬಾರದು. ಹೊಡೆದರೂ ಹೊಡೆಯದಿದ್ದರೂ ಆ ದುಡ್ಡು ಆಗಲೇ ಹೋಗಿದೆ.

ಆಮೇಲೆ V. ಮಾರುಕಟ್ಟೆಯಲ್ಲಿ ಕ್ವಿಂಟಲಿಗೆ ₹2,200 ಸಿಗುತ್ತದೆ ಎಂದುಕೊಳ್ಳಿ. ಆದರೆ ಆ ಒಂದು ಕ್ವಿಂಟಲ್ ಬೆಳೆಯದೇ ಹೋದರೆ ಅದನ್ನು ಮುರಿಯುವ, ಕಾಳು ಬಿಡಿಸುವ, ಚೀಲಕ್ಕೆ ತುಂಬಿ ಸಾಗಿಸುವ ಖರ್ಚೂ ಉಳಿಯುತ್ತದೆ. ಅದು ₹200 ಆದರೆ V = ₹2,000. 2025-26ರ ಬೆಂಬಲ ಬೆಲೆ ₹2,400 ಎಂದು ಅದನ್ನೇ ಹಾಕುವ ವಿದ್ಯಾರ್ಥಿಗಳು ಹೆಚ್ಚು. ಆ ರೈತ ಬೆಂಬಲ ಬೆಲೆಗೇ ಮಾರುತ್ತಾನೆ ಎಂದು ಗೊತ್ತಿದ್ದರೆ ಹಾಕಿ, ಇಲ್ಲದಿದ್ದರೆ ಕೈಗೆ ಬರುವ ಬೆಲೆಯೇ ಸರಿ.

b ಕಟ್ಟುವುದು ಹೀಗೆ. ಸಾಲಿಗೆ 60, ಗಿಡಕ್ಕೆ 30 ಸೆಂ.ಮೀ. ಅಂತರವಿದ್ದರೆ ಎಕರೆಗೆ ಸುಮಾರು 22,000 ಗಿಡ. ನಿರೀಕ್ಷೆಯ ಇಳುವರಿ 20 ಕ್ವಿಂಟಲ್, ಅಂದರೆ ಗಿಡಕ್ಕೆ ಸುಮಾರು 90 ಗ್ರಾಂ ಕಾಳು. ಈ ಹಂತದಲ್ಲಿ ಹುಳು ಬಿದ್ದ ಗಿಡ ತನ್ನ ಇಳುವರಿಯಲ್ಲಿ ಐದನೇ ಒಂದು ಭಾಗ, ಅಂದರೆ ಸುಮಾರು 18 ಗ್ರಾಂ ಕಳೆದುಕೊಳ್ಳುತ್ತದೆ ಎಂದು ಹಿಡಿಯೋಣ. ಶೇಕಡಾ ಒಂದು ಎಂದರೆ 220 ಗಿಡ. 220 ಗಿಡದಲ್ಲಿ ತಲಾ 18 ಗ್ರಾಂ ಹೋದರೆ ಎಕರೆಗೆ ಸುಮಾರು 4 ಕೆ.ಜಿ., ಅಂದರೆ 0.04 ಕ್ವಿಂಟಲ್. K = 0.8 ಇರಲಿ.

```
b × V     = 0.04 × 2000 = 80    (1% ಗಿಡಕ್ಕೆ ರೂಪಾಯಿ ನಷ್ಟ)
b × V × K = 80 × 0.8    = 64    (ಅದರಲ್ಲಿ ತಪ್ಪಿಸಬಹುದಾದದ್ದು)
EIL       = 1600 / 64   = 25%
```

ನೂರಕ್ಕೆ 25 ಗಿಡದಲ್ಲಿ ಹುಳು ಇದ್ದರೆ ಹೊಡೆದ ಖರ್ಚೂ ಉಳಿದ ಬೆಳೆಯೂ ಸಮಸಮ.

ದಾರಿಯಲ್ಲಿ ಇನ್ನೊಂದು ಅಂಕಿ ನೋಡಿಕೊಂಡು ಹೋಗಿ. C ಯನ್ನು V ಯಿಂದ ಭಾಗಿಸಿದರೆ 1600/2000 = 0.8 ಕ್ವಿಂಟಲ್, ಅಂದರೆ 80 ಕೆ.ಜಿ. ಇದು ಲಾಭದ ಹೊಸ್ತಿಲು: ಎಕರೆಗೆ ಕನಿಷ್ಠ 80 ಕೆ.ಜಿ. ಜೋಳ ಉಳಿಸದ ಯಾವ ಸಿಂಪಡಣೆಯೂ ತನ್ನ ದುಡ್ಡು ತಾನು ತರುವುದಿಲ್ಲ. ಕೀಟದ ವಿಷಯ ಏನೂ ಗೊತ್ತಿಲ್ಲದಿದ್ದರೂ ಇಷ್ಟನ್ನು ಹೇಳಬಹುದು. ರೈತರ ಜೊತೆ ಮಾತಾಡುವಾಗ ಇಐಎಲ್‌ಗಿಂತ ಈ 80 ಕೆ.ಜಿ. ಬೇಗ ತಲೆಗೆ ಹೋಗುತ್ತದೆ.

ಔಷಧಿ ಕೆಲಸ ಮಾಡದಿದ್ದರೆ ಇಐಎಲ್ ಏರುತ್ತದೆ. ಕೆಟ್ಟ ಔಷಧಿಗೆ ಹೆಚ್ಚು ಹುಳು ಸಹಿಸಬೇಕೇ?

ಸೂತ್ರ ಹೇಳುವುದು ಅದನ್ನೇ, ಅದರಲ್ಲಿ ತಪ್ಪಿಲ್ಲ. K 0.8ರಿಂದ 0.5ಕ್ಕೆ ಇಳಿದರೆ ಇಐಎಲ್ 1600/40, ಅಂದರೆ 40%. ಅರ್ಧ ನಷ್ಟವನ್ನು ಮಾತ್ರ ತಪ್ಪಿಸುವ ಕೆಲಸಕ್ಕೆ ₹1,600 ಸುರಿಯಬೇಕಾದರೆ ನಷ್ಟ ಅಷ್ಟು ದೊಡ್ಡದಿರಬೇಕು. 'ಸಹಿಸಿಕೊಳ್ಳಿ' ಎಂಬ ಸಲಹೆ ಇದಲ್ಲ. 'ಈ ವಿಧಾನಕ್ಕೆ ಈ ದುಡ್ಡು ಹಾಕಬೇಡಿ, ಬೇರೆ ವಿಧಾನದ C ಮತ್ತು K ಹಾಕಿ ಮತ್ತೆ ನೋಡಿ' ಎಂದು ಓದಿಕೊಳ್ಳಬೇಕು. ಇಐಎಲ್ ಕೀಟಕ್ಕೆ ಒಂದು, ಬೆಳೆಗೆ ಒಂದು ಎಂದು ಇರುವುದಿಲ್ಲ. ಪ್ರತಿ ಹತೋಟಿ ವಿಧಾನಕ್ಕೂ ಬೇರೆ ಇಐಎಲ್ ಇರುತ್ತದೆ.

K ಎಂದರೆ ಸತ್ತ ಹುಳುಗಳ ಶೇಕಡಾವಾರು ಅಲ್ಲ ಎಂಬುದನ್ನೂ ಗಮನಿಸಿ. ಬಲಿತ ಹುಳು ತಿನ್ನುವಷ್ಟು ತಿಂದ ಮೇಲೆ ನೂರಕ್ಕೆ 90 ಸತ್ತರೂ ತಪ್ಪಿದ ನಷ್ಟ ಅಲ್ಪ. ಆಗ ಸಾವು 0.9, K ಮಾತ್ರ 0.3 ಇರಬಹುದು.

25% ಬಂತು. ಅದರಿಂದ ಇಟಿಎಲ್ ತೆಗೆಯುವುದು ಹೇಗೆ?

ಹುಳು ಎಷ್ಟು ವೇಗದಲ್ಲಿ ಹಬ್ಬುತ್ತಿದೆ, ನಮಗೆ ಎಷ್ಟು ದಿನ ತಡವಾಗುತ್ತದೆ ಎಂಬ ಎರಡು ವಿಷಯ ಬೇಕು. ವೇಗವನ್ನು ಅದೇ ಹೊಲದ ಎರಡು ಎಣಿಕೆಯಿಂದ ತೆಗೆಯಬಹುದು. ಮೂರು ದಿನದ ಹಿಂದೆ 12.8% ಇದ್ದದ್ದು ಇಂದು 17% ಆಗಿದ್ದರೆ 17/12.8 ಸುಮಾರು 1.33, ಅದರ ಘನಮೂಲ 1.1. ಅಂದರೆ ದಿನಕ್ಕೆ ಹತ್ತನೇ ಒಂದು ಭಾಗ ಏರಿಕೆ. ಎಲ್ಲ ಗಿಡಕ್ಕೂ ಬೀಳುತ್ತಾ ಬಂದಂತೆ ಈ ವೇಗ ತಗ್ಗುತ್ತದೆ. ಮೊದಲ ಕೆಲವು ದಿನಕ್ಕೆ ಈ ಲೆಕ್ಕ ಸಾಕು.

```
ETL = EIL / 1.1^t      (t = ತಡವಾಗುವ ದಿನಗಳು)
```

ಎಲ್ಲರೂ ಎಡವುವುದು t ಯಲ್ಲಿ. ಔಷಧಿ ತರಲು, ಆಳು ಗೊತ್ತುಮಾಡಲು ಎರಡು ದಿನ ಬೇಕು ಎಂದು t = 2 ಹಾಕುತ್ತಾರೆ. 25/1.21, ಅಂದರೆ 20.7%. ದಿನವೂ ಹೊಲಕ್ಕೆ ಹೋಗಿ ಎಣಿಸುವವರಿಗೂ ಇದು ಸಾಲದು. ಅವರು ಮತ್ತೆ ನೋಡುವುದು ನಾಳೆ, ಹಾಗಾಗಿ ಅವರ t = 3, ಹೊಸ್ತಿಲು 25/1.33, ಅಂದರೆ 18.8%. ಮೂರು ದಿನಕ್ಕೊಮ್ಮೆ ಹೋಗುವವರು ಇಂದು 'ಇನ್ನೂ ಮುಟ್ಟಿಲ್ಲ' ಎಂದು ಮನೆಗೆ ಬಂದರೆ ಮತ್ತೆ ನೋಡುವುದು ಮೂರು ದಿನ ಬಿಟ್ಟು, ಹೊಡೆಯುವುದು ಇನ್ನೆರಡು ದಿನ ಬಿಟ್ಟು. ಅವರ t = 5. 25ನ್ನು 1.61ರಿಂದ ಭಾಗಿಸಿದರೆ 15.5%, ಹೊಲದ ಮಟ್ಟಿಗೆ 15%. ಹೊಲ ಅದೇ, ಹುಳು ಅದೇ, ಇಐಎಲ್ ಕೂಡ ಅದೇ. ಇಟಿಎಲ್ ಮಾತ್ರ ನೋಡುವವನ ಓಡಾಟದ ಮೇಲೆ ನಿಂತಿದೆ.

ಯಾವ ಗಿಡವನ್ನು 'ಹುಳು ಬಿದ್ದದ್ದು' ಎಂದು ಬರೆಯಬೇಕು?

ಸುಳಿಯನ್ನು ಎರಡು ಬೆರಳಲ್ಲಿ ಬಿಡಿಸಿ ನೋಡಿ. ಒಳಗೆ ಒದ್ದೆಯಾದ, ಮರದ ಪುಡಿಯಂಥ ಹಿಕ್ಕೆ ಇದ್ದರೆ ಹುಳು ಈಗಲೂ ಇದೆ ಎಂದೇ ಅರ್ಥ. ಹಿಕ್ಕೆ ಒಣಗಿ ಬೆಳ್ಳಗೆ ಗಟ್ಟಿಯಾಗಿ, ಸುಳಿಯಿಂದ ಬಂದ ಹೊಸ ಎಲೆ ಶುಚಿಯಾಗಿದ್ದರೆ ಆ ಹುಳು ಹೋಗಿದೆ ಅಥವಾ ಸತ್ತಿದೆ. ಅದನ್ನು ಎಣಿಸಬಾರದು. ಎಲೆಯ ಮೇಲೆ ತೆಳು ಪೊರೆ ಮಾತ್ರ ಉಳಿದು ಕಿಟಕಿ ಗಾಜಿನಂಥ ಕಲೆಯಿದ್ದರೆ ಅದು ಎಳೆ ಮರಿಗಳ ಕೆಲಸ. ಮರಿ ಕಂಡರೆ ಎಣಿಸಿ, ಮತ್ತು ಪಕ್ಕದಲ್ಲಿ 'ಎಳೆಯದು' ಎಂದು ಬರೆದುಕೊಳ್ಳಿ. ಆ ಟಿಪ್ಪಣಿ ಮುಂದೆ K ಗೆ ಬೇಕು.

ಹುಳು ಸಿಕ್ಕರೆ ತಲೆಯ ಮೇಲೆ ತಲೆಕೆಳಗಾದ ವೈ ಆಕಾರದ ಗೆರೆ, ಬಾಲದ ಹತ್ತಿರದ ಎಂಟನೇ ಖಂಡದಲ್ಲಿ ಚೌಕವಾಗಿ ಕೂತ ನಾಲ್ಕು ಕಪ್ಪು ಚುಕ್ಕೆ ನೋಡಿ ಖಾತ್ರಿ ಮಾಡಿಕೊಳ್ಳಿ. ಮಳೆಗಾಲದಲ್ಲಿ ಸುಳಿಯಲ್ಲೇ ಸೆಟೆದುಕೊಂಡು, ಬಿಳಿ ಅಥವಾ ಹಸಿರು ಪುಡಿ ಮೆತ್ತಿಕೊಂಡ ಹುಳುಗಳು ಸಿಗುವುದುಂಟು. ಅವು ಮೆಟಾರೈಜಿಯಮ್ ರೈಲಿ ಶಿಲೀಂಧ್ರ ತಗಲಿ ಸತ್ತವು. ಅವನ್ನು ಹುಳುವಿನ ಲೆಕ್ಕಕ್ಕೆ ಸೇರಿಸಬೇಡಿ, ಬೇರೆ ಕಾಲಮಿನಲ್ಲಿ ಬರೆಯಿರಿ. ಆ ಕಾಲಮ್ ತುಂಬುತ್ತಾ ಬಂದರೆ ದಿನಕ್ಕೆ 1.1 ಎಂಬ ನಿಮ್ಮ ವೇಗ ಇನ್ನು ನಿಲ್ಲುವುದಿಲ್ಲ, ಇಟಿಎಲ್ ಮೇಲಕ್ಕೆ ಸರಿಯುತ್ತದೆ.

ನೂರು ಗಿಡ ನೋಡಿದರೆ ಸಾಕಲ್ಲವೇ?

ಹುಳು ಹೊಲವೆಲ್ಲ ಸಮನಾಗಿ ಚೆಲ್ಲಿದ್ದರೆ ಸಾಕಾಗುತ್ತಿತ್ತು. ಮೊಟ್ಟೆ ಗುಂಪಾಗಿ ಇಡುವ ಕೀಟ ಹಾಗೆ ಚೆಲ್ಲುವುದಿಲ್ಲ. ನಮ್ಮ ಎಕರೆಯಲ್ಲಿ ಹತ್ತು ಕಡೆ ನಿಂತು, ಕಡೆಗೆ ಹತ್ತು ಗಿಡದಂತೆ ನೋಡಿದೆವು ಎನ್ನಿ:

```
0  1  4  2  0  3  1  6  2  1     ಒಟ್ಟು 20/100 = 20%
```

ಪ್ರತಿ ಗಿಡವೂ ಸ್ವತಂತ್ರ ಎಂದು ಹಿಡಿದು ಲೆಕ್ಕ ಹಾಕಿದರೆ ಶೇಕಡಾ 95ರ ಭರವಸೆಯಲ್ಲಿ ನಿಜವಾದ ಅಂಕಿ 12ರಿಂದ 28ರ ನಡುವೆ ಇದೆ ಅನ್ನಿಸುತ್ತದೆ. ಆದರೆ ಒಂದು ಕಡೆ 6, ಎರಡು ಕಡೆ 0 ಬಂದಿರುವುದನ್ನು ನೋಡಿ. ಇಲ್ಲಿ ಸ್ವತಂತ್ರವಾದದ್ದು ಗಿಡವಲ್ಲ, ನಿಂತ ಜಾಗ. ಹತ್ತು ಜಾಗದ ಅಂಕಿಗಳಿಂದ ಪ್ರಮಾಣಿತ ದೋಷ ತೆಗೆದರೆ 6%, ಹತ್ತು ಜಾಗಕ್ಕೆ ಸಂಖ್ಯಾಶಾಸ್ತ್ರದ ಟಿ ಕೋಷ್ಟಕದ ಅಂಕಿ 2.26, ಹಾಗಾಗಿ ವ್ಯಾಪ್ತಿ 6.5ರಿಂದ 33.5. 15ರ ಹೊಸ್ತಿಲಿನ ಮೇಲೋ ಕೆಳಗೋ ಎಂದು ಇದರಿಂದ ಹೇಳಲಾಗದು. ಇನ್ನೂ ಹತ್ತು ಕಡೆ ನೋಡಿದೆವು:

```
1  2  0  1  3  2  0  1  1  3     ಒಟ್ಟು 14/100
ಎರಡೂ ಸೇರಿ 34/200 = 17%
```

ಈಗ ದೋಷ 3.4%, ವ್ಯಾಪ್ತಿ ಸುಮಾರು 10ರಿಂದ 24. ಇನ್ನೂ ಅಗಲವೇ, ಆದರೆ ಮೇಲಿನ ತುದಿ 25ರ ಒಳಗೆ ಬಂತು. ಅಂದರೆ ಇಐಎಲ್ ಇನ್ನೂ ದಾಟಿಲ್ಲ ಎಂಬಷ್ಟು ಧೈರ್ಯ ಬಂತು.

ಒಂದೇ ಕಡೆ 50 ಗಿಡ ನೋಡುವುದಕ್ಕಿಂತ ಹತ್ತು ಕಡೆ ಐದೈದು ನೋಡುವುದು ಮೇಲು. ಬದುವಿನ ಪಕ್ಕದ ಮೂರ್ನಾಲ್ಕು ಸಾಲು ಬಿಟ್ಟು ಒಳಗೆ ನಡೆಯಿರಿ. ಎಲ್ಲಕ್ಕಿಂತ ಮುಖ್ಯವಾಗಿ, ನಿಲ್ಲುವ ಜಾಗವನ್ನು ಹೆಜ್ಜೆ ಎಣಿಸಿ ಗೊತ್ತುಮಾಡಿ. ಹರಿದ ಎಲೆ ಕಂಡ ಕಡೆಗೆ ಕಾಲು ತಾನೇ ತಿರುಗುತ್ತದೆ. ಹೊಸಬರ ಎಣಿಕೆ ಹೆಚ್ಚು ಬರುವುದು ಹೀಗೆ.

ಹಾಗಾದರೆ 17% ಇರುವ ಈ ಹೊಲಕ್ಕೆ ಹೊಡೆಯಬೇಕೇ, ಬೇಡವೇ?

ಮೂರು ದಿನಕ್ಕೊಮ್ಮೆ ಮಾತ್ರ ಬರಲು ಸಾಧ್ಯವಿದ್ದರೆ ಹೊಡೆಯಬೇಕು. ಇಂದು ತೀರ್ಮಾನಿಸಿದರೆ ಎರಡು ದಿನ ಬಿಟ್ಟು ಹೊಡೆಯುವಾಗ 17 × 1.21, ಸುಮಾರು 20.6%. ಇಂದು ಬಿಟ್ಟರೆ ಮುಂದಿನ ಭೇಟಿಯಲ್ಲಿ 22.6%, ಹೊಡೆಯುವ ದಿನಕ್ಕೆ 27.4%. ಗಡಿ ದಾಟಿಯಾಯಿತು.

ದಿನವೂ ನೋಡುವವರಿದ್ದರೆ ಅವರ ಹೊಸ್ತಿಲು 18.8%, ಹಾಗಾಗಿ ಇಂದು ಕಾಯಬಹುದು. ಕಾಯುವಾಗ 6 ಬಂದ ಆ ಜಾಗಕ್ಕೆ ಹೋಗಿ ಮೊಟ್ಟೆ ಗುಂಪು, ಎಳೆ ಮರಿ ಕೈಯಿಂದ ಹೊಸಕಿ ಹಾಕಿಸಿ. ಸಣ್ಣ ಹೊಲದಲ್ಲಿ ಆ ಒಂದು ತೇಪೆ ಅಡಗಿದರೆ ಇಡೀ ಶೇಕಡಾವಾರು ಇಳಿಯುತ್ತದೆ.

20.6%ಗೆ ಹೊಡೆದರೆ ಉಳಿಯುವುದು 20.6 × 64, ಅಂದರೆ ₹1,318. ಖರ್ಚು ₹1,600. ಇಟಿಎಲ್‌ನಲ್ಲಿ ಹೊಡೆಯುವುದು ನಷ್ಟದ ಬಾಬತ್ತಲ್ಲವೇ?

ಈ ಪುಟದಲ್ಲಿ ಎಲ್ಲಕ್ಕಿಂತ ಒಳ್ಳೆಯ ಪ್ರಶ್ನೆ ಇದು. ಇಟಿಎಲ್ ಒಂದು ಮುನ್ಸೂಚನೆಯ ಮೇಲೆ ನಿಂತಿದೆ: ಬಿಟ್ಟರೆ ಕೀಟ ಏರುತ್ತದೆ ಎಂಬ ಮುನ್ಸೂಚನೆ. ಹೊಡೆದ ದಿನ ಇರುವ 20.6%ನ ಜೊತೆಗೆ, ಬಿಟ್ಟಿದ್ದರೆ ಮುಂದೆ ಹುಳು ಬೀಳುತ್ತಿದ್ದ ಗಿಡಗಳೂ ನಾವು ಉಳಿಸಿದ ಲೆಕ್ಕಕ್ಕೆ ಬರುತ್ತವೆ. 27.4%ಗೆ ಏರುತ್ತಿತ್ತು ಎಂದಾದರೆ ಉಳಿತಾಯ 27.4 × 64, ಸುಮಾರು ₹1,750. ಖರ್ಚು ಕಳೆದು ₹150 ಕೈಗೆ.

ಹಾಗಾದರೆ ಏರದೇ ಇದ್ದರೆ? ಹೌದು, ಆಗ ₹280 ಕಳೆದುಕೊಂಡಂತೆ. ಅದಕ್ಕಾಗಿಯೇ ಒಂದೇ ಎಣಿಕೆ ನೋಡಿ ಇಟಿಎಲ್ ದಾಟಿತು ಎಂದು ಹೊಡೆಯುವುದಕ್ಕಿಂತ ಎರಡು ಎಣಿಕೆಯಲ್ಲಿ ಏರಿಕೆ ಕಂಡಿದೆಯೇ ಎಂದು ನೋಡಬೇಕು. ಸುಳಿಯಲ್ಲಿ ಬಲಿತ ಹುಳು ಮಾತ್ರ ಇವೆ, ಮರಿಯೂ ಮೊಟ್ಟೆಯೂ ಇಲ್ಲ ಎಂದರೆ ಆ ಪೀಳಿಗೆ ಮಣ್ಣಿಗಿಳಿದು ಕೋಶವಾಗುವ ಹೊತ್ತು. ಏರಿಕೆಯ ಊಹೆ ಅಲ್ಲಿ ಹೊಂದುವುದಿಲ್ಲ.

ಅಂಚಿನಲ್ಲಿರುವ ಹೊಲದಲ್ಲಿ ಆಚೆ ಈಚೆ ತಪ್ಪಿದರೂ ಲಾಭನಷ್ಟ ನೂರೋ ಮುನ್ನೂರೋ ರೂಪಾಯಿ ಎಂಬುದನ್ನೂ ಈ ಲೆಕ್ಕವೇ ತೋರಿಸುತ್ತದೆ. 17ಕ್ಕೂ 15ಕ್ಕೂ ತಲೆ ಕೆಡಿಸಿಕೊಳ್ಳುವವರು 4% ಇರುವ ಹೊಲಕ್ಕೆ ಬೀಳುವ ಸಿಂಪಡಣೆಯನ್ನು ನೋಡಲಿ. ಅಲ್ಲಿ ₹1,600 ಸುರಿದು ಉಳಿಸುವುದು ₹256.

ಶಿಫಾರಸಿನಲ್ಲಿ 5% ಎಂದಿದೆ, ಬೇರೆ ಕಡೆ 20%, 40% ಎಂದಿದೆ. ನಿಮ್ಮದು 25%. ಯಾವುದು ಸರಿ?

2018ರ ಮೇ ತಿಂಗಳಲ್ಲಿ ಈ ಹುಳು ಭಾರತದಲ್ಲಿ ಮೊದಲು ಕಂಡದ್ದು ನಮ್ಮ ರಾಜ್ಯದ ಶಿವಮೊಗ್ಗದಲ್ಲಿ. ಆಮೇಲೆ ಬಂದ ನಮ್ಮ ದೇಶದ ಸಲಹೆಗಳು ಎಳೆ ಪೈರಿಗೆ 5% ಗಿಡ ಹಾಳಾದಾಗ ಬೇವಿನ ಮೂಲದ ಸಿಂಪಡಣೆ, ಸುಳಿ ಬಲಿತ ಮೇಲೆ 10ರಿಂದ 20% ಆದಾಗ ರಾಸಾಯನಿಕ ಎಂದು ಹೇಳಿದವು. ಆಫ್ರಿಕಾದ ಸಣ್ಣ ರೈತರಿಗಾಗಿ ಬಂದ ಕೈಪಿಡಿಯಲ್ಲಿ ಎಳೆ ಸುಳಿಗೆ 20, ಬಲಿತ ಸುಳಿಗೆ 40 ಎಂದಿದೆ.

ಇವು ಒಂದಕ್ಕೊಂದು ವಿರುದ್ಧವಲ್ಲ. ಅಗ್ಗದ ವಿಧಾನಕ್ಕೆ C ಕಡಿಮೆ, ಹೊಸ್ತಿಲೂ ಕೆಳಗೆ. ಎಳೆ ಮರಿಯ ಮೇಲೆ ಮಾತ್ರ ಕೆಲಸ ಮಾಡುವ ಬೇವನ್ನು ತಡಮಾಡಿ ಹೊಡೆದು ಪ್ರಯೋಜನವಿಲ್ಲ, ಆದ್ದರಿಂದಲೂ ಕೆಳಗೆ. ಎಕರೆಗೆ ಇಳುವರಿ ಕಡಿಮೆ ಇರುವ ಕಡೆ b ಕಡಿಮೆ, ಹೊಸ್ತಿಲು ಮೇಲೆ. ಮುದ್ರಿತ ಹೊಸ್ತಿಲುಗಳಲ್ಲಿ ಬಹಳಷ್ಟು ತಜ್ಞರ ಅನುಭವದ ಅಂದಾಜುಗಳು. ಅವುಗಳಿಗೆ ನಾಮಿನಲ್ ಹೊಸ್ತಿಲು ಎಂಬ ಹೆಸರೇ ಇದೆ. ಬೆಲೆ ಬದಲಾದರೆ ಅವು ಬದಲಾಗುವುದಿಲ್ಲ, ಅದೇ ಅವುಗಳ ದೋಷ. ಏನೂ ಇಲ್ಲದ ಕಡೆ ಅವೇ ಆಸರೆ. ಪರೀಕ್ಷೆಯಲ್ಲಿ ಬರೆಯುವಾಗ ಅಂಕಿಯ ಜೊತೆ ಬೆಳೆಯ ಹಂತ, ಅಳತೆಯ ಘಟಕ, ಯಾವ ವಿಧಾನಕ್ಕೆ ಎಂಬ ಮೂರೂ ಇಲ್ಲದಿದ್ದರೆ ಆ ಅಂಕಿಗೆ ಅರ್ಥವಿಲ್ಲ.

ಜೋಳದ ಬೆಲೆ ಬಿದ್ದರೆ?

V ₹1,500ಕ್ಕೆ ಇಳಿದರೆ ಇಐಎಲ್ 33%. ₹2,400 ಆದರೆ 21%ಗಿಂತ ಕೊಂಚ ಕೆಳಗೆ. ಔಷಧಿ ಅಗ್ಗವಾಗಿ ಒಟ್ಟು ಖರ್ಚು ₹1,000 ಆದರೆ 15.6%. ಕೊನೆಯದರಲ್ಲಿ ಒಂದು ಕೊಕ್ಕೆಯಿದೆ: ಔಷಧಿ ಅಗ್ಗವಾದಷ್ಟೂ ಹೆಚ್ಚು ಹೊಡೆಯಿರಿ ಎಂದು ಸೂತ್ರ ಹೇಳಿಬಿಡುತ್ತದೆ. ಸತ್ತ ಪರತಂತ್ರ ಜೀವಿಗಳು, ಕೆರೆಗೆ ಹರಿದ ವಿಷ ಯಾವುದೂ C ಯಲ್ಲಿ ಇಲ್ಲ. ಅದನ್ನೂ ರೂಪಾಯಿ ಮಾಡಿ C ಗೆ ಸೇರಿಸುವ ಪರಿಸರ ಇಐಎಲ್ ಎಂಬ ವಿಧಾನವನ್ನು 1992ರಲ್ಲಿ ಹಿಗ್ಲಿ ಮತ್ತು ವಿಂಟರ್‌ಸ್ಟೀನ್ ಸೂಚಿಸಿದರು.

ಲೆಕ್ಕದಲ್ಲಿ K 0.8, ಹೊಲದಲ್ಲಿ ಏಕೆ ಅಷ್ಟು ಬರುವುದಿಲ್ಲ?

ಮೊದಲ ಕಾರಣ ಹುಳುವಿನ ವಯಸ್ಸು. ಇದಕ್ಕೆ ಆರು ಮರಿ ಹಂತಗಳಿವೆ. ಬಲಿತ ಹುಳು ಸುಳಿಯ ಆಳದಲ್ಲಿ ತನ್ನದೇ ಹಿಕ್ಕೆಯ ಬಿರಡೆ ಹಾಕಿಕೊಂಡು ಕೂರುತ್ತದೆ. ಮೇಲಿಂದ ಬಿದ್ದ ಹನಿ ಆ ಹಿಕ್ಕೆಯಲ್ಲೇ ಇಂಗುತ್ತದೆ. ಎಣಿಸುವಾಗ 'ಎಳೆಯದು' ಎಂದು ಬರೆದ ಗಿಡಗಳು ಅರ್ಧಕ್ಕಿಂತ ಕಡಿಮೆಯಿದ್ದರೆ 0.8 ಹಾಕಬೇಡಿ.

ಎರಡನೆಯದು ಕ್ಯಾನಿನ ಬಳಿ ನಡೆಯುತ್ತದೆ. 16 ಲೀಟರಿನ ಕ್ಯಾನಿಗೆ 6.4 ಮಿ.ಲೀ. ಬೇಕು, ಎಕರೆಗೆ ಹನ್ನೆರಡೂವರೆ ಕ್ಯಾನು ಆಗಬೇಕು. ಸೀಸೆಯ ಮುಚ್ಚಳದಲ್ಲಿ ಅಂದಾಜಿಗೆ ಸುರಿದು, ನೀರು ಹೊರುವುದು ಕಷ್ಟವೆಂದು ಏಳೆಂಟು ಕ್ಯಾನಿಗೆ ಮುಗಿಸುತ್ತಾರೆ. ಹೊಡೆದಾದ ಮೇಲೆ ಖಾಲಿಯಾದ ಕ್ಯಾನುಗಳೆಷ್ಟು, ಸೀಸೆಯಲ್ಲಿ ಉಳಿದದ್ದೆಷ್ಟು ಎಂದು ಕೇಳಿದರೆ ಗೊತ್ತಾಗುತ್ತದೆ. ನಳಿಕೆಯ ಬಾಯಿ ಸುಳಿಯೊಳಕ್ಕೆ ಇರಬೇಕು. ಸಾಲಿನ ಮೇಲೆ ಬೀಸಿಕೊಂಡು ಹೋದರೆ ಎಲೆ ತೊಯ್ಯುತ್ತದೆ, ಹುಳು ಇರುವ ಜಾಗ ಒಣಗಿಯೇ ಇರುತ್ತದೆ.

ಮೂರನೆಯದು ಮಳೆ. ಹೊಡೆದು ಸ್ವಲ್ಪ ಹೊತ್ತಿಗೆ ಜೋರು ಮಳೆ ಬಂದರೆ ಔಷಧಿ ತೊಳೆದುಹೋಗುತ್ತದೆ. ಆದರೆ ಅದೇ ಜೋರು ಮಳೆ ಸುಳಿಯಲ್ಲಿ ನೀರು ನಿಲ್ಲಿಸಿ ಎಳೆ ಮರಿಗಳನ್ನೂ ಕೊಲ್ಲುತ್ತದೆ. ಹಾಗಾಗಿ ದೊಡ್ಡ ಮಳೆಯ ಮರುದಿನ ಹಳೆಯ ಎಣಿಕೆ ಹಿಡಿದು ಹೊಡೆಯುವ ಮೊದಲು ಮತ್ತೊಮ್ಮೆ ಎಣಿಸಬೇಕು.

ಎರಡನೇ ಸಲ ಹೊಡೆಯಲು ಇದೇ ಲೆಕ್ಕವೇ?

ಹೌದು, ಆದರೆ ಮೊದಲಿಂದ. ಆಗಲೇ ಆದ ನಷ್ಟ ಲೆಕ್ಕಕ್ಕೆ ಬರುವುದಿಲ್ಲ. ಇನ್ನು ಮುಂದೆ ತಪ್ಪಿಸಬಹುದಾದದ್ದು ಮಾತ್ರ. ಬೆಳೆಯ ಹಂತ ಬದಲಾಗಿದ್ದರೆ b ಕೂಡ ಹೊಸದು ಬೇಕು.

ಕಾಫಿಯ ಬಿಳಿ ಕಾಂಡಕೊರಕಕ್ಕೆ, ಆಲೂಗಡ್ಡೆಯ ಅಂಗಮಾರಿಗೆ ಇಟಿಎಲ್ ಎಷ್ಟು?

ಆಲೂಗಡ್ಡೆಯ ಅಂಗಮಾರಿಗೆ ಈ ಲೆಕ್ಕ ನಡೆಯುವುದಿಲ್ಲ. ರೋಗ ಕಂಡ ಮೇಲೆ ಕಾಯಲು ಸಮಯವೇ ಇರುವುದಿಲ್ಲ, ಹವಾಮಾನ ನೋಡಿ ಮುಂಚೆಯೇ ಹೊಡೆಯುತ್ತಾರೆ. t ಎಷ್ಟು ಚಿಕ್ಕದಾಗಿದ್ದರೂ ತಡವೇ.

ಚಿಕ್ಕಮಗಳೂರಿನ ಅರೇಬಿಕಾ ತೋಟದ ಬೋರರ್ ಇನ್ನೊಂದು ಬಗೆಯ ತೊಡಕು. ಒಂದು ಹುಳು ಕಾಂಡದೊಳಗೆ ಸೇರಿದರೆ ಹೋಗುವುದು ಈ ವರ್ಷದ ಕಾಯಿ ಮಾತ್ರವಲ್ಲ, ಗಿಡವೇ. ಮತ್ತೆ ನೆಟ್ಟ ಸಸಿ ಫಲಕ್ಕೆ ಬರಲು ವರ್ಷಗಳು ಬೇಕು. V ಗೆ ಒಂದು ಕೊಯ್ಲಿನ ಬೆಲೆ ಹಾಕಿದರೆ ಸಾಲದು, ಅಷ್ಟೂ ವರ್ಷದ ಬೆಲೆ ಹಾಕಬೇಕು. ಅದನ್ನು ಹಾಕಿದರೆ ಹೊಸ್ತಿಲು ಒಂದು ಗಿಡಕ್ಕೇ ಬಂದು ನಿಲ್ಲುತ್ತದೆ. ಜೊತೆಗೆ ಆ ಗಿಡದಿಂದ ಹೊರಬರುವ ದುಂಬಿಗಳು ಪಕ್ಕದ ಗಿಡಗಳಿಗೆ ಹೋಗುತ್ತವೆ. ಅದಕ್ಕೇ ತೋಟಗಳಲ್ಲಿ ಶೇಕಡಾವಾರು ನೋಡಿಕೊಂಡು ಕೂರದೆ, ಏಪ್ರಿಲ್-ಮೇ ಮತ್ತು ಅಕ್ಟೋಬರ್-ಡಿಸೆಂಬರ್‌ನ ಹಾರಾಟಕ್ಕೆ ಮೊದಲು ಸಾಲು ಸಾಲಾಗಿ ಟ್ರೇಸಿಂಗ್ ಮಾಡಿಸಿ, ಕಾಂಡದ ಮೇಲೆ ಏಣುಗಳೆದ್ದ, ಎಲೆ ಹಳದಿಯಾದ ಪ್ರತಿ ಗಿಡವನ್ನೂ ಕಿತ್ತು ಸುಡಿಸುತ್ತಾರೆ.

ಉತ್ತರ ಪತ್ರಿಕೆಯಲ್ಲಿ ಅಂಕ ಹೋಗುವುದು ಎಲ್ಲಿ?

ಬಹುಪಾಲು ಘಟಕದಲ್ಲಿ. ಖರ್ಚು ಎಕರೆಗೆ, ನಷ್ಟ ಹೆಕ್ಟೇರಿಗೆ ಹಾಕಿದರೆ ಉತ್ತರ 2.47 ಪಟ್ಟು ತಪ್ಪುತ್ತದೆ. ನಮ್ಮ ಲೆಕ್ಕದಲ್ಲಿ b ಹೆಕ್ಟೇರಿಗೆ ಸುಮಾರು 0.1 ಕ್ವಿಂಟಲ್. ಅದನ್ನು ₹1,600ರ ಜೊತೆ ಹಾಕಿದರೆ 25 ಹೋಗಿ 10 ಬರುತ್ತದೆ. ಅಂಕಿ ನೋಡಲು ನಂಬುವ ಹಾಗೇ ಇರುವುದರಿಂದ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಪ್ರತಿ ಅಂಕಿಯ ಪಕ್ಕದಲ್ಲಿ ಘಟಕ ಬರೆದು ಹೊಡೆದುಹಾಕುತ್ತಾ ಬನ್ನಿ, ಕೊನೆಗೆ 'ಶೇಕಡಾ ಗಿಡ' ಮಾತ್ರ ಉಳಿಯಬೇಕು.

K ಯನ್ನು 0.8ರ ಬದಲು 80 ಎಂದು ಹಾಕುವುದು ಎರಡನೆಯ ತಪ್ಪು. ಆಗ ಇಐಎಲ್ 0.25% ಬರುತ್ತದೆ: ನಾನೂರು ಗಿಡದಲ್ಲಿ ಒಂದು ಹುಳು ಕಂಡರೆ ಹೊಡೆಯಿರಿ ಎಂದು.